ನಾಲ್ವರಿಗೂ ಗೊತ್ತಿರಬೇಕಾದ ನಿಯಮ: ‘ಪ್ಯಾಂಡೆಮಿಕ್’ ಆಟಕ್ಕೆ ಒಂದು ಪುಟದ ಕೈಪಿಡಿ

ಬೋಧನಾಭ್ಯಾಸದ ಅವಧಿಯಲ್ಲಿ ಶನಿವಾರದ ವಿಜ್ಞಾನ ಸಂಘದ ಚಟುವಟಿಕೆಗಾಗಿ ನಾನು ‘ಪ್ಯಾಂಡೆಮಿಕ್’ ಎಂಬ ಬೋರ್ಡ್ ಆಟವನ್ನು ಒಂಬತ್ತನೇ ತರಗತಿಯ ಮಕ್ಕಳಿಗೆ ಆಡಿಸಿದೆ. ಮ್ಯಾಟ್ ಲೀಕಾಕ್ ರೂಪಿಸಿದ ಈ ಆಟ ಮೊದಲು ಬಂದದ್ದು 2008ರಲ್ಲಿ. ನಾನು ಬಳಸಿದ್ದು 2013ರ ಆವೃತ್ತಿ. ಬೋರ್ಡಿನ ಮೇಲೆ ಜಗತ್ತಿನ ನಕ್ಷೆಯಿದೆ, ಅದರಲ್ಲಿ 48 ನಗರಗಳಿವೆ. ನಾಲ್ಕು ಬಣ್ಣದ ನಾಲ್ಕು ರೋಗಗಳು ಹರಡುತ್ತಿರುತ್ತವೆ. ಇಬ್ಬರಿಂದ ನಾಲ್ವರವರೆಗೆ ಆಡಬಹುದು. ಇಲ್ಲಿ ಒಬ್ಬರ ವಿರುದ್ಧ ಒಬ್ಬರಿಲ್ಲ. ಎಲ್ಲರೂ ಒಂದೇ ತಂಡವಾಗಿ ರೋಗಗಳ ವಿರುದ್ಧ ಆಡುತ್ತಾರೆ. ಗೆದ್ದರೆ ಎಲ್ಲರೂ ಗೆಲ್ಲುತ್ತಾರೆ, ಸೋತರೆ ಎಲ್ಲರೂ ಸೋಲುತ್ತಾರೆ.

ಇಂಥ ಆಟದಲ್ಲಿ ನಿಯಮ ತಿಳಿಸುವ ಕೆಲಸಕ್ಕೆ ಒಂದು ವಿಶೇಷ ತೂಕವಿದೆ. ಚೆಸ್ಸಿನಲ್ಲಿ ನಿಯಮ ಸರಿಯಾಗಿ ತಿಳಿಯದವನು ಬೇಗ ಸೋಲುತ್ತಾನೆ, ಅಷ್ಟೇ. ಒಟ್ಟಾಗಿ ಆಡುವ ಆಟದಲ್ಲಿ ಹಾಗಲ್ಲ. ನಾಲ್ವರಲ್ಲಿ ಒಬ್ಬನಿಗೆ ಮಾತ್ರ ನಿಯಮ ಗೊತ್ತಿದ್ದರೆ ಅವನೇ ನಾಲ್ವರ ಆಟವನ್ನೂ ಆಡುತ್ತಾನೆ. ಉಳಿದ ಮೂವರು ಅವನು ಹೇಳಿದ ಕಡೆಗೆ ಕಾಯಿ ಸರಿಸುತ್ತಾರೆ. ನಿಯಮ ಪುಸ್ತಕ ಇಂಗ್ಲಿಷಿನಲ್ಲಿದೆ, ಕಾರ್ಡುಗಳೂ ಇಂಗ್ಲಿಷಿನಲ್ಲಿವೆ. ಹಾಗಾಗಿ ಆ ಒಬ್ಬ ಯಾರಾಗುತ್ತಾನೆ ಎಂಬುದು ಆಟ ಶುರುವಾಗುವ ಮೊದಲೇ ತೀರ್ಮಾನವಾಗಿಬಿಡುತ್ತದೆ. ಇದನ್ನು ತಪ್ಪಿಸಲು ನಾಲ್ವರ ಕೈಗೂ ಕನ್ನಡದ ಒಂದೊಂದು ಪುಟ ಕೊಡಬೇಕು, ಹತ್ತು ನಿಮಿಷದಲ್ಲಿ ನಾಲ್ವರೂ ಸ್ವಂತ ತೀರ್ಮಾನ ತೆಗೆದುಕೊಳ್ಳುವಂತಾಗಬೇಕು ಎಂಬುದು ನನ್ನ ಗುರಿಯಾಗಿತ್ತು.

ಹತ್ತೇ ನಿಮಿಷ ಏಕೆಂದರೆ, ಈ ಆಟದಲ್ಲಿ ಸರದಿಗಳು ಎಣಿಕೆಯವು. ಆಟಗಾರರ ಕಾರ್ಡಿನ ಕಟ್ಟಿನಲ್ಲಿ 48 ನಗರದ ಕಾರ್ಡು, 5 ಘಟನೆಯ ಕಾರ್ಡು ಇರುತ್ತವೆ. ಹೊಸಬರ ಆಟಕ್ಕೆ 4 ಮಹಾಮಾರಿ ಕಾರ್ಡು ಸೇರುತ್ತವೆ. ಒಟ್ಟು 57. ನಾಲ್ವರು ಆಡುವಾಗ ತಲಾ ಎರಡರಂತೆ 8 ಕಾರ್ಡನ್ನು ಮೊದಲೇ ಹಂಚುತ್ತೇವೆ, ಉಳಿಯುವುದು 49. ಪ್ರತಿ ಸರದಿಯಲ್ಲಿ ಎರಡು ಕಾರ್ಡು ಎಳೆಯಬೇಕು, ಕಾರ್ಡು ಮುಗಿದರೆ ಆಟ ಸೋತಂತೆ. ಅಂದರೆ ಒಬ್ಬ ವಿದ್ಯಾರ್ಥಿಗೆ ಸಿಗುವುದು ಸುಮಾರು ಆರು ಸರದಿ. ಮೊದಲ ಮೂರು ಸರದಿ ‘ಈಗ ಏನು ಮಾಡಬೇಕು?’ ಎಂದು ಕೇಳುವುದರಲ್ಲೇ ಕಳೆದರೆ ಆ ಮಗುವಿಗೆ ಅರ್ಧ ಆಟ ಮಾತ್ರ ಉಳಿಯುತ್ತದೆ.

ಪುಟಕ್ಕೆ ಏನು ಬೇಕು, ಏನು ಬೇಡ

ಪೆಟ್ಟಿಗೆಯಲ್ಲಿ ಬರುವ ನಿಯಮ ಪುಸ್ತಕ ಚೆನ್ನಾಗಿಯೇ ಇದೆ. ಆದರೆ ಅದರ ಕೆಲಸ ಬೇರೆ. ಸಂಶಯ ಬಂದಾಗ ಉತ್ತರ ಹುಡುಕಲು ಅದು ಇರುವುದು, ಆದ್ದರಿಂದ ಯಾವ ನಿಯಮವನ್ನೂ ಬಿಡುವಂತಿಲ್ಲ. ಅದು ಆರಂಭವಾಗುವುದು ಬೋರ್ಡು ಜೋಡಿಸುವ ಕ್ರಮದಿಂದ. ಹೊಸ ಮಗು ಮೊದಲು ಓದಬೇಕಾದದ್ದು ಅದಲ್ಲ. ಹಾಗಾಗಿ ನಿಯಮಗಳನ್ನೆಲ್ಲ ಚೀಟಿಗಳ ಮೇಲೆ ಬರೆದು ಮೂರು ಗುಂಪು ಮಾಡಿದೆ. ಮೊದಲ ಸರದಿಯಲ್ಲೇ ಮಗುವಿಗೆ ಬೇಕಾದವು ಪುಟಕ್ಕೆ. ಆಟ ಶುರುವಾಗುವ ಮೊದಲು ನಾನೇ ಮಾಡಿ ಮುಗಿಸಬಹುದಾದವು ನನ್ನ ಪಾಠಯೋಜನೆಗೆ. ಎಂದಾದರೂ ಬರಬಹುದಾದವು ನನ್ನ ಕಿಸೆಯಲ್ಲಿರುವ ಇನ್ನೊಂದು ಚೀಟಿಗೆ.

ಜೋಡಣೆ ಪೂರ್ತಿ ಎರಡನೇ ಗುಂಪಿಗೆ ಹೋಯಿತು. ಒಂಬತ್ತು ನಗರಗಳಲ್ಲಿ ರೋಗದ ಕ್ಯೂಬು ಇಡುವುದು (ಮೂರು ನಗರಕ್ಕೆ ಮೂರು ಮೂರು, ಮೂರಕ್ಕೆ ಎರಡೆರಡು, ಮೂರಕ್ಕೆ ಒಂದೊಂದು), ಆಟಗಾರರ ಕಾರ್ಡನ್ನು ನಾಲ್ಕು ಪಾಲು ಮಾಡಿ ಒಂದೊಂದರಲ್ಲಿ ಒಂದು ಮಹಾಮಾರಿ ಕಾರ್ಡು ಕಲೆಸಿ ಒಂದರ ಮೇಲೊಂದು ಇಡುವುದು, ಎಲ್ಲರ ಕಾಯಿಗಳನ್ನು ಅಟ್ಲಾಂಟಾದಲ್ಲಿ ನಿಲ್ಲಿಸುವುದು, ಇವೆಲ್ಲ ಮಕ್ಕಳು ಬರುವ ಮೊದಲೇ ಆಗಿರಬೇಕು. ಮೂರನೇ ಗುಂಪಿಗೆ ಹೋದದ್ದು ಘಟನೆಯ ಕಾರ್ಡುಗಳು, ರೋಗವನ್ನು ಪೂರ್ತಿ ನಿರ್ಮೂಲ ಮಾಡುವ ನಿಯಮ, ಒಂದು ನಗರದ ರೋಗ ಉಕ್ಕಿ ಪಕ್ಕದ್ದನ್ನೂ ಉಕ್ಕಿಸುವ ಸರಪಳಿ. ಇವು ಬಂದ ಕ್ಷಣದಲ್ಲಿ ಹೇಳಿದರೆ ಅರ್ಧ ನಿಮಿಷದಲ್ಲಿ ಅರ್ಥವಾಗುತ್ತವೆ. ಮೊದಲೇ ಹೇಳಿದರೆ ತಲೆಯಲ್ಲಿ ನಿಲ್ಲುವುದಿಲ್ಲ.

ಪಾತ್ರಗಳಲ್ಲೂ ಆಯ್ಕೆ ಬೇಕಾಯಿತು. ಪೆಟ್ಟಿಗೆಯಲ್ಲಿ ಏಳು ಪಾತ್ರಗಳಿವೆ, ಯಾವುದು ಬರುತ್ತದೋ ಅದನ್ನು ತೆಗೆದುಕೊಳ್ಳುವುದು ಪದ್ಧತಿ. ಮೊದಲ ಆಟಕ್ಕೆ ಒಂದೇ ವಾಕ್ಯದಲ್ಲಿ ಹೇಳಬಹುದಾದ ನಾಲ್ಕನ್ನು ಮಾತ್ರ ಇಟ್ಟುಕೊಂಡೆ. ವೈದ್ಯರು ಒಂದೇ ಕೆಲಸದಲ್ಲಿ ನಗರದ ಒಂದು ಬಣ್ಣದ ಎಲ್ಲ ಕ್ಯೂಬು ತೆಗೆಯುತ್ತಾರೆ. ವಿಜ್ಞಾನಿಗೆ ಮದ್ದು ಕಂಡುಹಿಡಿಯಲು ಐದರ ಬದಲು ನಾಲ್ಕು ಕಾರ್ಡು ಸಾಕು. ಸಂಶೋಧಕರು ತಮ್ಮ ಯಾವ ನಗರದ ಕಾರ್ಡನ್ನಾದರೂ ಜೊತೆಯಲ್ಲಿರುವವರಿಗೆ ಕೊಡಬಹುದು. ಕಾರ್ಯಾಚರಣೆ ತಜ್ಞರು ಕಾರ್ಡು ಕಳೆದುಕೊಳ್ಳದೆ ಸಂಶೋಧನಾ ಕೇಂದ್ರ ಕಟ್ಟಬಹುದು. ಈ ವಾಕ್ಯವನ್ನು ಕನ್ನಡದಲ್ಲಿ ಬರೆದು ಪಾತ್ರದ ಕಾರ್ಡಿನ ಹಿಂಬದಿಗೆ ಅಂಟಿಸಿದೆ.

ಹೆಸರಿಡುವುದು

ಅತಿ ಹೆಚ್ಚು ಯೋಚಿಸಬೇಕಾದದ್ದು ಎರಡು ಪದಗಳಿಗಾಗಿ. ಇಂಗ್ಲಿಷಿನ ‘ಔಟ್‌ಬ್ರೇಕ್’ ಮತ್ತು ‘ಎಪಿಡೆಮಿಕ್’ ಎರಡನ್ನೂ ಕನ್ನಡದಲ್ಲಿ ಸಾಮಾನ್ಯವಾಗಿ ‘ಸಾಂಕ್ರಾಮಿಕ’ದ ಸುತ್ತಮುತ್ತಲೇ ಹೇಳುತ್ತೇವೆ. ಆಟದಲ್ಲಿ ಇವು ಸಂಪೂರ್ಣ ಬೇರೆ ಬೇರೆ. ಮೊದಲನೆಯದು ನಗರದಲ್ಲಿ ಆಗುವಂಥದ್ದು: ಒಂದು ಬಣ್ಣದ ಮೂರು ಕ್ಯೂಬು ಇರುವಲ್ಲಿಗೆ ಅದೇ ಬಣ್ಣದ ನಾಲ್ಕನೆಯದು ಬಂದರೆ ಅದು ಅಲ್ಲಿ ಕೂರುವುದಿಲ್ಲ, ಸುತ್ತಲಿನ ಎಲ್ಲ ನಗರಗಳಿಗೆ ಒಂದೊಂದು ಹೋಗುತ್ತದೆ. ಎರಡನೆಯದು ಕಟ್ಟಿನಿಂದ ಬರುವ ಕಾರ್ಡು. ಮೊದಲನೆಯದಕ್ಕೆ ‘ಉಕ್ಕುವುದು’ ಎಂದು ಬರೆದೆ. ಒಲೆಯ ಮೇಲಿನ ಹಾಲು ಪಾತ್ರೆ ತುಂಬಿದ ಮೇಲೆ ಸುತ್ತಲೂ ಚೆಲ್ಲುವುದನ್ನು ನೋಡದ ಮಗುವಿಲ್ಲ. ಎರಡನೆಯದಕ್ಕೆ ‘ಮಹಾಮಾರಿ ಕಾರ್ಡು’ ಎಂದಿಟ್ಟೆ. ಆಮೇಲೆ ಮಕ್ಕಳು ಆಟದ ಮಧ್ಯೆ ‘ಚೆನ್ನೈ ಉಕ್ಕುತ್ತೆ ನೋಡ್ರೋ’ ಎಂದು ಕೂಗುತ್ತಿದ್ದರು. ಯಾವುದರ ಮಾತು ಎಂಬ ಗೊಂದಲ ಹುಟ್ಟಲಿಲ್ಲ.

ಪುಟ

ಮಕ್ಕಳ ಕೈಗೆ ಕೊಟ್ಟ ಪುಟ ಹೀಗಿತ್ತು.

*ಗುರಿ:* ನಾವೆಲ್ಲ ಒಂದೇ ತಂಡ. ನಾಲ್ಕು ರೋಗಗಳಿಗೂ ಮದ್ದು ಕಂಡುಹಿಡಿದರೆ ಗೆದ್ದೆವು.

*ಸೋಲು:* ಎಂಟು ಸಲ ರೋಗ ಉಕ್ಕಿದರೆ. ಅಥವಾ ಬೋರ್ಡಿನಲ್ಲಿಡಲು ಒಂದು ಬಣ್ಣದ ಕ್ಯೂಬು ಮುಗಿದಿದ್ದರೆ. ಅಥವಾ ಎಳೆಯಲು ಆಟಗಾರರ ಕಾರ್ಡು ಮುಗಿದಿದ್ದರೆ.

*ನಿನ್ನ ಸರದಿ:*
1. ನಾಲ್ಕು ಕೆಲಸ ಮಾಡು. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಬಹುದು.
2. ಆಟಗಾರರ ಕಾರ್ಡು ಎರಡು ಎಳೆ. ಕೈಯಲ್ಲಿ ಏಳಕ್ಕಿಂತ ಹೆಚ್ಚು ಇರಬಾರದು.
3. ರೋಗದ ಕಾರ್ಡು ತಿರುಗಿಸು (ಶುರುವಿನಲ್ಲಿ ಎರಡು). ಬಂದ ನಗರಕ್ಕೆ ಅದರ ಬಣ್ಣದ ಒಂದು ಕ್ಯೂಬು.

*ಹೋಗುವ ಕೆಲಸಗಳು:*
ಗೆರೆ ಹಿಡಿದು ಪಕ್ಕದ ನಗರಕ್ಕೆ ಹೋಗು. ಎಡ ಅಂಚಿನಿಂದ ಹೊರಟ ಗೆರೆ ಬಲ ಅಂಚಿನಲ್ಲಿ ಮುಂದುವರಿಯುತ್ತದೆ.
ಚೆನ್ನೈ ಕಾರ್ಡು ಕೊಟ್ಟು ಚೆನ್ನೈಗೆ ಹಾರು.
ಚೆನ್ನೈನಲ್ಲೇ ಇದ್ದರೆ, ಚೆನ್ನೈ ಕಾರ್ಡು ಕೊಟ್ಟು ಎಲ್ಲಿಗಾದರೂ ಹಾರು.
ಒಂದು ಸಂಶೋಧನಾ ಕೇಂದ್ರದಿಂದ ಇನ್ನೊಂದು ಕೇಂದ್ರಕ್ಕೆ ಹಾರು.

*ಮಾಡುವ ಕೆಲಸಗಳು:*
ನೀನಿರುವ ನಗರದ ಒಂದು ಕ್ಯೂಬು ತೆಗೆ. ಆ ಬಣ್ಣಕ್ಕೆ ಮದ್ದು ಸಿಕ್ಕಿದ್ದರೆ ಆ ಬಣ್ಣದವನ್ನೆಲ್ಲ ತೆಗೆ.
ನೀನಿರುವ ನಗರದ ಕಾರ್ಡು ಕೊಟ್ಟು ಅಲ್ಲಿ ಕೇಂದ್ರ ಕಟ್ಟು.
ಕಾರ್ಡು ಕೊಡು ಅಥವಾ ತೆಗೆದುಕೋ: ಇಬ್ಬರೂ ಚೆನ್ನೈನಲ್ಲಿದ್ದರೆ ಚೆನ್ನೈ ಕಾರ್ಡು ಮಾತ್ರ.
ಕೇಂದ್ರದಲ್ಲಿ ನಿಂತು ಒಂದೇ ಬಣ್ಣದ ಐದು ಕಾರ್ಡು ಕೊಟ್ಟು ಆ ಬಣ್ಣದ ಮದ್ದು ಕಂಡುಹಿಡಿ.

*ಉಕ್ಕುವುದು:* ಒಂದು ನಗರದಲ್ಲಿ ಒಂದೇ ಬಣ್ಣದ ಕ್ಯೂಬು ಮೂರಕ್ಕಿಂತ ಹೆಚ್ಚು ಇರುವುದಿಲ್ಲ. ನಾಲ್ಕನೆಯದು ಬಂದರೆ ಉಕ್ಕಿ ಸುತ್ತಲಿನ ಪ್ರತಿ ನಗರಕ್ಕೆ ಒಂದೊಂದು.

*ಮಹಾಮಾರಿ ಕಾರ್ಡು ಬಂದರೆ:* ವೇಗದ ಗುರುತನ್ನು ಒಂದು ಮನೆ ಮುಂದಿಡು. ರೋಗದ ಕಟ್ಟಿನ ಅಡಿಯ ಕಾರ್ಡು ತೆಗೆದು ಆ ನಗರಕ್ಕೆ ಮೂರು ಕ್ಯೂಬು. ಎಸೆದ ರೋಗದ ಕಾರ್ಡುಗಳನ್ನೆಲ್ಲ ಕಲೆಸಿ ಕಟ್ಟಿನ ಮೇಲಿಡು. ಅಂದರೆ ರೋಗ ಬಂದ ನಗರಗಳೇ ಮತ್ತೆ ಬರುತ್ತವೆ.

*ನಿನ್ನ ಪಾತ್ರದ ಕಾರ್ಡು ಮತ್ತು ಈ ಪುಟ ಬೇರೆ ಹೇಳಿದರೆ, ಪಾತ್ರದ ಕಾರ್ಡು ಹೇಳಿದ್ದೇ ಸರಿ.*

ಇದನ್ನು ಗಟ್ಟಿಯಾಗಿ ನಿಧಾನಕ್ಕೆ ಓದಿದರೆ ಮೂರು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಬೇಕು. ಗುರಿ ಮೊದಲು, ಸೋಲು ಆಮೇಲೆ, ಕೆಲಸಗಳು ಕೊನೆಗೆ ಎಂಬ ಕ್ರಮಕ್ಕೆ ಕಾರಣವಿದೆ. ಐದು ಕಾರ್ಡು ಕೂಡಿಸುವುದೇ ಗೆಲುವಿನ ದಾರಿ ಎಂದು ತಿಳಿದ ಮೇಲೆ ‘ಚೆನ್ನೈ ಕಾರ್ಡು ಕೊಟ್ಟು ಹಾರು’ ಎಂಬ ಸಾಲು ಓದಿದರೆ, ಹಾರಾಟಕ್ಕೆ ಬೆಲೆಯಿದೆ ಎಂಬುದು ತಾನಾಗಿಯೇ ಹೊಳೆಯುತ್ತದೆ. ಎರಡು ಬಗೆಯ ಹಾರಾಟಕ್ಕೂ ಚೆನ್ನೈ ಎಂಬ ಒಂದೇ ಹೆಸರನ್ನು ಬಳಸಿದ್ದೂ ಉದ್ದೇಶಪೂರ್ವಕವೇ. ಒಂದರಲ್ಲಿ ಕಾರ್ಡಿನ ನಗರಕ್ಕೆ ಹೋಗುತ್ತೇವೆ, ಇನ್ನೊಂದರಲ್ಲಿ ಕಾರ್ಡಿನ ನಗರದಿಂದ ಹೊರಡುತ್ತೇವೆ. ಬೇರೆ ಬೇರೆ ನಗರದ ಉದಾಹರಣೆ ಕೊಟ್ಟರೆ ಮಕ್ಕಳ ಗಮನ ನಗರಗಳ ಹೆಸರಿಗೆ ಹೋಗಿ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ.

ಒಂದು ಸರದಿ, ಬಿಡಿಬಿಡಿಯಾಗಿ

ಓದಿದ ಮೇಲೆ ನಾಲ್ಕು ನಿಮಿಷ ಒಂದು ಮಾದರಿ ಸರದಿ. ಇದಕ್ಕಾಗಿ ಜೋಡಣೆಯಲ್ಲಿ ಚೆನ್ನೈಗೆ ಮೂರು ಕಪ್ಪು ಕ್ಯೂಬು ಬೀಳುವಂತೆ ಇಟ್ಟಿರುತ್ತೇನೆ. ವಿಜ್ಞಾನಿಯ ಪಾತ್ರದವಳ ಕೈಯಲ್ಲಿ ಚೆನ್ನೈ ಮತ್ತು ಮುಂಬೈ ಕಾರ್ಡುಗಳಿವೆ, ಎರಡೂ ಕಪ್ಪು. ಅವಳ ಕಾಯಿ ಅಟ್ಲಾಂಟಾದಲ್ಲಿದೆ. ಗೆರೆ ಹಿಡಿದು ಹೋದರೆ ಷಿಕಾಗೊ, ಲಾಸ್ ಏಂಜಲಿಸ್, ಸಿಡ್ನಿ, ಜಕಾರ್ತಾ, ಆಮೇಲೆ ಚೆನ್ನೈ: ಐದು ಹೆಜ್ಜೆ. ಒಂದು ಸರದಿಯಲ್ಲಿ ಆಗುವುದಿಲ್ಲ. ಈ ದಾರಿ ಪೆಸಿಫಿಕ್ ಸಾಗರದ ಮೇಲೆ, ಬೋರ್ಡಿನ ಎಡ ಅಂಚಿನಿಂದ ಹೊರಟು ಬಲ ಅಂಚಿನಲ್ಲಿ ಬರುತ್ತದೆ. ಅಂಚಿನ ಸಾಲು ಪುಟದಲ್ಲಿ ಇಲ್ಲದಿದ್ದರೆ ಮಕ್ಕಳು ಅದನ್ನು ಕಾಣುವುದೇ ಇಲ್ಲ.

ಇನ್ನೊಂದು ದಾರಿ, ಚೆನ್ನೈ ಕಾರ್ಡು ಕೊಟ್ಟು ನೇರ ಹಾರುವುದು. ಒಂದು ಕೆಲಸ ಮುಗಿಯಿತು. ಉಳಿದ ಮೂರು ಕೆಲಸದಲ್ಲಿ ಮೂರೂ ಕ್ಯೂಬು ತೆಗೆದರೆ ಚೆನ್ನೈ ಶುಚಿ. ಆದರೆ ಪ್ರತಿ ಬಣ್ಣದ ನಗರ ಕಾರ್ಡು ಇರುವುದು ಹನ್ನೆರಡೇ. ಕಪ್ಪು ರೋಗದ ಮದ್ದಿಗೆ ಅವಳಿಗೆ ನಾಲ್ಕು ಬೇಕು, ಇದ್ದ ಎರಡರಲ್ಲಿ ಒಂದು ಹೋಯಿತು. ಇಲ್ಲಿ ನಿಲ್ಲಿಸಿ ‘ಇದು ಒಳ್ಳೆಯ ಸರದಿಯೇ?’ ಎಂದು ಕೇಳುತ್ತೇನೆ. ಉತ್ತರ ಹೇಳುವುದಿಲ್ಲ. ಕಾಯಿ, ಕ್ಯೂಬು, ಕಾರ್ಡುಗಳನ್ನು ಮೊದಲಿದ್ದ ಜಾಗಕ್ಕೆ ಮರಳಿಸಿ, ಕೊನೆಯ ಎರಡು ನಿಮಿಷಕ್ಕೆ ಎರಡು ಪ್ರಶ್ನೆ ಇಡುತ್ತೇನೆ.

ಮೊದಲನೆಯದು: ಮೂರು ಕ್ಯೂಬಿರುವ ಚೆನ್ನೈ ಉಕ್ಕಿದರೆ ಯಾವ ಯಾವ ನಗರಕ್ಕೆ ಏನು ಬೀಳುತ್ತದೆ? ಮಕ್ಕಳು ಬೋರ್ಡಿನ ಗೆರೆಗಳ ಮೇಲೆ ಬೆರಳಿಟ್ಟು ಮುಂಬೈ, ದೆಹಲಿ, ಕೋಲ್ಕತ್ತ, ಬ್ಯಾಂಕಾಕ್, ಜಕಾರ್ತಾ ಎಂದು ಐದನ್ನೂ ಹೇಳಬೇಕು. ಬ್ಯಾಂಕಾಕ್, ಜಕಾರ್ತಾ ಕೆಂಪು ನಗರಗಳಾದರೂ ಬೀಳುವುದು ಕಪ್ಪು ಕ್ಯೂಬೇ ಎಂಬುದನ್ನು ಯಾರಾದರೂ ಹೇಳಿದರೆ ‘ಉಕ್ಕುವುದು’ ಅರ್ಥವಾಗಿದೆ.

ಎರಡನೆಯದು ಕಠಿಣ: ಚೆನ್ನೈನ ರೋಗದ ಕಾರ್ಡು ಈಗಾಗಲೇ ಎಸೆದ ರಾಶಿಯಲ್ಲಿದೆ, ಅದು ಮತ್ತೆ ಯಾವಾಗ ಬರಬಹುದು? ಮಹಾಮಾರಿ ಕಾರ್ಡು ಬರುವವರೆಗೆ ಬರುವುದಿಲ್ಲ. ಆ ಕಾರ್ಡು ಬಂದ ಮೇಲೆ ಎಸೆದ ರಾಶಿ ಮೇಲಕ್ಕೆ ಬರುವುದರಿಂದ ಬೇಗನೆ ಬರುತ್ತದೆ. ನಾವು ಜೋಡಿಸಿದ ಕ್ರಮದಲ್ಲಿ ಮೊದಲ ಮಹಾಮಾರಿ ಕಾರ್ಡು ಮೇಲಿನ ಹದಿಮೂರು ಕಾರ್ಡಿನೊಳಗೆ, ಅಂದರೆ ಮೊದಲ ಏಳು ಸರದಿಯೊಳಗೆ ಖಂಡಿತ ಇದೆ. ಈ ಒಂದು ವಿಷಯ ತಿಳಿಯದವರಿಗೆ ಇಡೀ ಆಟ ಅದೃಷ್ಟದಂತೆ ಕಾಣುತ್ತದೆ. ತಿಳಿದವರಿಗೆ ಚೆನ್ನೈಗೆ ಇವತ್ತೇ ಓಡಬೇಕೇ, ಎರಡು ಸರದಿ ಕಾಯಬಹುದೇ ಎಂದು ಲೆಕ್ಕ ಹಾಕಲು ಬರುತ್ತದೆ. ‘ಅಂದರೆ ರೋಗ ಬಂದ ನಗರಗಳೇ ಮತ್ತೆ ಬರುತ್ತವೆ’ ಎಂಬ ಸಾಲು ನಿಯಮವಲ್ಲ, ನಿಯಮದ ಫಲ. ಪುಟದಲ್ಲಿ ಜಾಗ ಕಡಿಮೆಯಿದ್ದರೂ ಅದನ್ನು ಬಿಡಲಿಲ್ಲ.

ಒಂದು ಗುಂಪಿನಲ್ಲಿ ಇದರ ಫಲ ನೇರವಾಗಿ ಕಂಡಿತು. ತರಗತಿಯಲ್ಲಿ ಚುರುಕೆಂದು ಹೆಸರಾದ ಹುಡುಗ ಪಕ್ಕದವಳಿಗೆ, ‘ನೀನು ಕಾರ್ಡು ಕೊಟ್ಟು ಚೆನ್ನೈಗೆ ಹೋಗು’ ಎಂದ. ಹೆಚ್ಚು ಮಾತನಾಡದ ಆ ಹುಡುಗಿ ತನ್ನ ಪುಟದ ಕೊನೆಯ ಭಾಗದ ಮೇಲೆ ಬೆರಳಿಟ್ಟು, ‘ಮಹಾಮಾರಿ ಇನ್ನೂ ಬಂದಿಲ್ವಲ್ಲ, ಚೆನ್ನೈ ಕಾರ್ಡು ಈಗ ಬರಲ್ಲ. ನಾನು ಇದನ್ನ ಇಟ್ಕೋತೀನಿ’ ಎಂದಳು. ಹುಡುಗ ತನ್ನ ಪುಟ ನೋಡಿ ಸುಮ್ಮನಾದ. ಅವಳ ತೀರ್ಮಾನ ಸರಿಯೇ ಎಂಬುದಕ್ಕೆ ಮುಂದಿನ ಕಾರ್ಡುಗಳೇ ಉತ್ತರ ಹೇಳಬೇಕಿತ್ತು. ಆದರೆ ಆ ಸರದಿ ಅವಳದ್ದಾಗಿತ್ತು.

ಪುಟ ಕೆಲಸ ಮಾಡಿತೇ ಎಂದು ತಿಳಿಯುವುದು

ಆಟ ನಡೆಯುವಾಗ ನಾನು ಮಾತು ಕಡಿಮೆ ಮಾಡಿ ಪ್ರಶ್ನೆಗಳನ್ನು ಬರೆದುಕೊಳ್ಳುತ್ತಿದ್ದೆ. ಪುಟದಲ್ಲಿ ಉತ್ತರವಿದ್ದೂ ಕೇಳಿದ ಪ್ರಶ್ನೆ ಒಂದು ಬಗೆ. ಅದಕ್ಕೆ ಸಾಲನ್ನು ಬೇರೆ ಜಾಗಕ್ಕೆ ಸರಿಸಬೇಕು ಅಥವಾ ಮಾತು ಬದಲಿಸಬೇಕು. ಪುಟದಲ್ಲಿಲ್ಲದ, ಆದರೆ ಪ್ರತಿ ಗುಂಪೂ ಕೇಳುವ ಪ್ರಶ್ನೆ ಇನ್ನೊಂದು ಬಗೆ. ಅದಕ್ಕೆ ಪುಟದಲ್ಲಿ ಜಾಗ ಕೊಡಬೇಕು. ‘ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಬಹುದು’ ಎಂಬ ಸಾಲು ಪುಟಕ್ಕೆ ಬಂದದ್ದು ಈ ದಾರಿಯಿಂದ. ಒಂದೇ ಗುಂಪು ಒಮ್ಮೆ ಕೇಳಿದ್ದಕ್ಕೆ ಬಾಯಿಮಾತಿನ ಉತ್ತರ ಸಾಕು.

ಯಾರೂ ಪ್ರಶ್ನೆ ಕೇಳದೆಯೂ ನಿಯಮ ತಪ್ಪಬಹುದು, ಇದು ಹೆಚ್ಚು ಅಪಾಯದ್ದು. ಈ ಆಟದಲ್ಲಿ ಅದು ನಡೆಯುವುದು ಕಾರ್ಡು ಕೊಡುವ ನಿಯಮದಲ್ಲಿ. ಜೊತೆಯಲ್ಲಿ ನಿಂತವರಿಗೆ ಯಾವ ಕಾರ್ಡನ್ನಾದರೂ ಕೊಡಬಹುದು ಎಂದು ಮಕ್ಕಳು ಸಹಜವಾಗಿ ಅಂದುಕೊಳ್ಳುತ್ತಾರೆ. ಹಾಗೆ ಮಾಡಲು ಬರುವುದು ಸಂಶೋಧಕರಿಗೆ ಮಾತ್ರ. ಎಲ್ಲರೂ ಅಟ್ಲಾಂಟಾದಲ್ಲೇ ಗುಂಪಾಗಿ ನಿಂತು ಬೇಗ ಬೇಗ ಮದ್ದು ಕಂಡುಹಿಡಿಯುತ್ತಿದ್ದರೆ ಈ ನಿಯಮ ಜಾರಿದೆ ಎಂದೇ ಅರ್ಥ. ‘ಮಾತ್ರ’ ಎಂಬ ಪದವನ್ನು ಪುಟದಲ್ಲಿ ದಪ್ಪಕ್ಷರದಲ್ಲಿ ಬರೆದದ್ದು ಅದಕ್ಕಾಗಿ.

ಮೂರನೆಯ ಗುರುತು ಮಕ್ಕಳ ಕಣ್ಣು. ಸರದಿ ಬಂದ ಮಗು ಪುಟ ನೋಡುತ್ತದೆಯೋ, ಬೋರ್ಡು ನೋಡುತ್ತದೆಯೋ, ಅಥವಾ ಎದುರಿನ ಗೆಳೆಯನ ಮುಖ ನೋಡುತ್ತದೆಯೋ? ಪುಟ, ಬೋರ್ಡು ಎರಡೂ ಸರಿ. ಮುಖ ನೋಡಿದರೆ ಆ ಮಗುವಿನ ಮಟ್ಟಿಗೆ ಪುಟ ಕೆಲಸ ಮಾಡಿಲ್ಲ, ಆಟ ಗೆದ್ದರೂ ಕೂಡ. ನಾಲ್ವರಿಗೆ ಒಂದೇ ಪುಟ ಕೊಟ್ಟರೆ ಅದು ಒಬ್ಬರ ಕೈಯಲ್ಲೇ ಉಳಿಯುತ್ತದೆ, ಹಾಗಾಗಿ ನಾಲ್ಕು ಪ್ರತಿ ಬೇಕೇ ಬೇಕು. ಓದು ನಿಧಾನವಿರುವ ಮಕ್ಕಳಿಗೆ ಪುಟವೊಂದೇ ಸಾಲದು. ಅವರಿಂದಲೇ ಮಾದರಿ ಸರದಿಯ ಕಾಯಿ ಸರಿಸಿದರೆ ‘ನಾಲ್ಕು ಕೆಲಸ, ಎರಡು ಕಾರ್ಡು, ರೋಗ’ ಎಂಬ ಕ್ರಮ ಕೈಗೆ ಬರುತ್ತದೆ.

ಇಷ್ಟೆಲ್ಲ ಆದರೂ ಈ ಪುಟಕ್ಕೆ ಮಿತಿಯಿದೆ. ಇದು ನಾಲ್ಕು ಮಹಾಮಾರಿ ಕಾರ್ಡಿನ ಮೊದಲ ಆಟಕ್ಕೆ, ಆರಿಸಿದ ನಾಲ್ಕು ಪಾತ್ರಕ್ಕೆ, ಬೋರ್ಡು ಜೋಡಿಸಿಕೊಡುವ ಒಬ್ಬ ಶಿಕ್ಷಕರಿದ್ದಾಗ ಮಾತ್ರ ಸಾಕು. ಆಟ ಮುಕ್ಕಾಲು ಗಂಟೆಯದ್ದು, ಆದ್ದರಿಂದ ಒಂದು ಅವಧಿಯೊಳಗೆ ನಿಯಮ ತಿಳಿಸಿ ಆಟ ಮುಗಿಸಲಾಗುವುದಿಲ್ಲ. ಎರಡು ಅವಧಿ ಜೊತೆಯಾಗಿ ಸಿಗುವ ದಿನ ಬೇಕು. ಎರಡನೇ ಶನಿವಾರ ಅದೇ ಮಕ್ಕಳು ಕೂತಾಗ ಐದು ಮಹಾಮಾರಿ ಕಾರ್ಡು ಹಾಕಿದೆವು, ಏಳು ಪಾತ್ರಗಳನ್ನೂ ಕಲೆಸಿದೆವು. ಜೋಡಣೆಯನ್ನು ಮಕ್ಕಳೇ ಮಾಡಿದರು. ಪುಟವನ್ನು ಕೇಳಿ ತೆಗೆದುಕೊಂಡದ್ದು ಹೋದ ವಾರ ಬಂದಿರದ ಇಬ್ಬರು ಮಾತ್ರ.